ಪ್ರಾಜೆಕ್ಟ್ ನಿಂತರೆ ಸಂಬಳ ಬರುತ್ತಾ?

ಬೆಂಗಳೂರಿನ ಐಟಿ ಕಂಪನಿಯೊಂದಕ್ಕೆ ಇಂಟರ್‌ವ್ಯೂ ಕೊಟ್ಟಿರಿ, ಆಫರ್ ಲೆಟರ್ ಮಾತ್ರ ಬೇರೊಂದು ಪೇರೋಲ್ ಕಂಪನಿಯಿಂದ ಬಂತು. ಹಾಗಾದರೆ ನಿಮ್ಮ ಕೆಲಸ ಒಂದೇ ಕ್ಲೈಂಟನ್ನು ನಂಬಿಕೊಂಡಿರಬಹುದು. ರಿಕ್ರೂಟರ್‌ಗೆ ನೇರವಾಗಿ ಕೇಳಿ: "ಈ ಪ್ರಾಜೆಕ್ಟ್ ನಿಂತರೆ ನನ್ನನ್ನು ಬೆಂಚ್‌ನಲ್ಲಿ ಇಟ್ಕೊಳ್ತೀರಾ? ಎಷ್ಟು ದಿನ? ಪೂರ್ತಿ ಸಂಬಳ ಕೊಡ್ತೀರಾ?"

"ಲಾಂಗ್ ಟರ್ಮ್ ಪ್ರಾಜೆಕ್ಟ್, ಚಿಂತೆ ಬೇಡ ಸರ್" ಅನ್ನುವುದು ಉತ್ತರವಲ್ಲ, ಸಮಾಧಾನ. ಮೇಲ್‌ನಲ್ಲಿ ಬರೆಸಿಕೊಳ್ಳಿ. ಲೆಟರ್‌ನಲ್ಲಿ ನೋಟಿಸ್ ಅವಧಿಯ ಸಾಲನ್ನೂ ಓದಿ: ನೀವು ಬಿಡುವುದಾದರೆ 90 ದಿನ, ಪ್ರಾಜೆಕ್ಟ್ ಮುಗಿದರೆ ಅವರು ಕೊಡುವುದು 15 ದಿನ ಎಂದಿದ್ದರೆ ನಷ್ಟ ಯಾರಿಗೆಂದು ಗೊತ್ತಾಗುತ್ತದೆ.

ಹಳೇ ಕೆಲಸಕ್ಕೆ ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿರುವಾಗಲೇ ಕ್ಲೈಂಟ್ ಹಿಂದೆ ಸರಿಯುವುದೂ ಉಂಟು. ಆಗ ಆಫರ್ ಉಳಿಯುತ್ತದೆಯೇ ಎಂಬುದನ್ನು ರಾಜೀನಾಮೆಗೆ ಮೊದಲೇ ಕೇಳಬೇಕು.