ಕಾಫಿಪುಡಿ ಪೊಟ್ಟಣದ ಸಣ್ಣಕ್ಷರ

ಪೊಟ್ಟಣದ ಮುಂಭಾಗದಲ್ಲಿ ‘ಸ್ಟ್ರಾಂಗ್’ ಎಂದಿದ್ದರೆ ಅದನ್ನು ನಂಬಿ ಕೊಳ್ಳಬೇಡಿ. ಆ ಮಾತಿಗೆ ಅಳತೆಯಿಲ್ಲ. ಅಳತೆ ಇರುವುದು ಕಾಫಿ ಇಷ್ಟು, ಚಿಕೋರಿ ಇಷ್ಟು ಎಂದು ಶೇಕಡಾವಾರು ಹೇಳುವ ಸಾಲಿನಲ್ಲಿ. ಮಿಶ್ರಣದ ಪುಡಿಯಲ್ಲಿ ಕನಿಷ್ಠ ಶೇ. 51 ಕಾಫಿ ಇರಬೇಕೆಂಬುದು ನಿಯಮ. ಅಂದರೆ ಸುಮಾರು ಅರ್ಧದಷ್ಟು ಚಿಕೋರಿ ಇದ್ದರೂ ಅದು ಕಾನೂನುಬದ್ಧವೇ.

ಚಿಕೋರಿ ಎಂದರೆ ಹುರಿದ ಬೇರಿನ ಪುಡಿ. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್‌ಗೆ ಕಪ್ಪು ಬಣ್ಣ, ಗಟ್ಟಿತನ, ತುಸು ಸಿಹಿಗಹಿ ಕೊಡುತ್ತದೆ. ಹಾಲು ಹೆಚ್ಚು ಹಾಕುವವರಿಗೆ ಅಷ್ಟಿಷ್ಟು ಚಿಕೋರಿ ಒಗ್ಗುತ್ತದೆ, ಅದು ಕಲಬೆರಕೆಯಲ್ಲ. ಆದರೆ ಕಾಫಿಯ ಬೆಲೆ ಕೊಟ್ಟು ಬೇರು ಕೊಳ್ಳಬಾರದು.

ಉದಾಹರಣೆಗೆ, ಅರ್ಧ ಕಿಲೋಗೆ 60:40ರ ಪುಡಿ 300 ರೂಪಾಯಿ, 80:20ರದ್ದು 400 ಎಂದುಕೊಳ್ಳಿ. ಮೊದಲನೆಯದರಲ್ಲಿ ಕಾಫಿ 300 ಗ್ರಾಂ, ಎರಡನೆಯದರಲ್ಲಿ 400. ನೂರು ಗ್ರಾಂ ಕಾಫಿಗೆ ಎರಡರಲ್ಲೂ ನೂರೇ ರೂಪಾಯಿ! ಅಗ್ಗ ಎನಿಸಿದ್ದು ಅಗ್ಗವಲ್ಲ.

‘ಪ್ಲಾಂಟೇಶನ್’ ಎಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ, ಪರಿಮಳ ಅದರದು. ರೋಬಸ್ಟಾ ಕಹಿ, ಕೆಫೀನ್ ಜಾಸ್ತಿ. ‘ಪೀಬೆರಿ’ ದುಂಡು ಬೀಜ, ತಳಿಯ ಹೆಸರಲ್ಲ.

ಹುರಿದ ಹದ ಎಷ್ಟೋ ಪೊಟ್ಟಣಗಳ ಮೇಲೆ ಇರುವುದೇ ಇಲ್ಲ. ಕಡು ಹುರಿದರೆ ಹುಳಿ, ಪರಿಮಳ ಎರಡೂ ಕುಗ್ಗಿ ಕಹಿ ಮೇಲಾಗುತ್ತದೆ, ಒಳ್ಳೆಯ ಬೀಜಕ್ಕೆ ಅದು ನಷ್ಟ. ಚಿಕೋರಿ ಕೂಡಿದ ಪುಡಿಯಲ್ಲಿ ಬಣ್ಣ ನೋಡಿ ಹದ ಹೇಳಲಾಗದು. ಮುಂದೆಯೇ ಹುರಿದು ಪುಡಿ ಮಾಡಿಕೊಡುವ ಅಂಗಡಿಯಲ್ಲಿ ‘ಮಧ್ಯಮ ಹುರಿ, ಚಿಕೋರಿ ಹದಿನೈದು’ ಎಂದು ಕೇಳಿ ತರುವುದು ವಾಸಿ.