ಯಾವ ಗುಟ್ಟು ಯಾರಿಗೆ, ಯಾವತ್ತು ಗೊತ್ತಾಯಿತು?

ಸಿನಿಮಾದವರು ಕಂಟಿನ್ಯುಟಿ ತಪ್ಪು ಎನ್ನುವುದು ಕಥೆ ಬರೆಯುವವರಿಗೂ ಕಾಟ ಕೊಡುತ್ತದೆ. ನಾಲ್ಕಾರು ಜನ ಸೇರಿ ಒಂದೇ ಕಾಲ್ಪನಿಕ ರಾಜ್ಯದ ಕಥೆಯನ್ನು ವರ್ಷಗಟ್ಟಲೆ ಬೆಳೆಸುವಾಗಲಂತೂ ಇದು ತಪ್ಪಿದ್ದಲ್ಲ. ಮೂರನೇ ಅಧ್ಯಾಯದಲ್ಲಿ ಕಪ್ಪಗಿದ್ದ ರಾಣಿಯ ಕಣ್ಣು ಹತ್ತನೆಯದರಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಓದುಗರು ನಕ್ಕು ಮುಂದೆ ಹೋಗುತ್ತಾರೆ. ತನಗೆ ಗೊತ್ತಿರಲು ಸಾಧ್ಯವೇ ಇಲ್ಲದ ಗುಟ್ಟನ್ನು ಪಾತ್ರವೊಂದು ಬಾಯಿಬಿಟ್ಟರೆ ಮಾತ್ರ ಕಥೆಯ ಬುಡವೇ ಅಲುಗಾಡುತ್ತದೆ.

ಒಬ್ಬರೇ ಬರೆದರೂ ದಿನಗಳ ಲೆಕ್ಕ ತಪ್ಪುತ್ತದೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆಯುತ್ತಿದ್ದ ಟೋಲ್ಕಿನ್, 1944ರಲ್ಲಿ ಮಗನಿಗೆ ಬರೆದ ಪತ್ರದಲ್ಲಿ ಚಂದ್ರ ಕೊಟ್ಟ ತೊಂದರೆಯನ್ನು ಹೇಳಿಕೊಂಡಿದ್ದರು. ಕಥೆ ಕವಲೊಡೆದು ಪಾತ್ರಗಳು ಬೇರೆ ಬೇರೆ ದಾರಿ ಹಿಡಿದಿದ್ದವು. ಒಂದು ಕಡೆ ಚಂದ್ರ ಹುಟ್ಟುವ ಹೊತ್ತಿಗೆ ಇನ್ನೊಂದು ಕಡೆ ಮುಳುಗುತ್ತಿದ್ದ. ಅದನ್ನು ಸರಿಪಡಿಸಲು ಹಿಂದಿನ ಅಧ್ಯಾಯಗಳನ್ನು ತಿದ್ದಬೇಕಾಯಿತು. ಯಾವ ದಿನ ಯಾರು ಎಲ್ಲಿದ್ದರು ಎಂದು ತೋರಿಸುವ ಪಟ್ಟಿಗಳನ್ನೂ ಅವರು ಮಾಡಿಕೊಂಡಿದ್ದರು. ಕೆನಡಾದ ಸ್ಟೀವನ್ ಎರಿಕ್ಸನ್ ಮತ್ತು ಇಯಾನ್ ಎಸಲ್ಮಾಂಟ್ ಒಟ್ಟಿಗೆ ಆಟವಾಡುತ್ತ ಕಟ್ಟಿದ ಮಲಾಜನ್ ಲೋಕದಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಕಾದಂಬರಿ ಬರೆದರು. ಅಲ್ಲಿನ ವಯಸ್ಸು, ಇಸವಿಗಳು ತಾಳೆಯಾಗುವುದಿಲ್ಲ ಎಂದು ಓದುಗರು ಇಂದಿಗೂ ತಕರಾರು ತೆಗೆಯುತ್ತಾರೆ.

ಚಂದ್ರನ ತಪ್ಪನ್ನು ದಿನಗಳ ಪಟ್ಟಿಯೊಂದೇ ಹಿಡಿಯುತ್ತದೆ. ಗುಟ್ಟಿನ ತಪ್ಪಿಗೆ ಅದಷ್ಟೇ ಸಾಲದು. ಒಂದು ಕಥೆ ಕಟ್ಟಿ ನೋಡೋಣ. ಕಥೆ ಶುರುವಾದ 14ನೇ ದಿನದ ರಾತ್ರಿ ಬೆಟ್ಟದ ಕೋಟೆಯಲ್ಲಿ ರಾಜನಿಗೆ ವಿಷ ಹಾಕಿ ಕೊಲ್ಲುತ್ತಾರೆ. ವಿಷದ ವಿಚಾರ ರಾಜನ ತಮ್ಮನಿಗೂ ವೈದ್ಯನಿಗೂ ಮಾತ್ರ ಗೊತ್ತು. ರಾಜ ಜ್ವರದಿಂದ ಸತ್ತ ಎಂಬ ಓಲೆ ಹಿಡಿದು 15ರ ಬೆಳಿಗ್ಗೆ ಒಬ್ಬ ಸವಾರ ಹೊರಡುತ್ತಾನೆ. ರಾಜಕುಮಾರಿ ಇರುವ ಬಂದರು ಅಲ್ಲಿಂದ 240 ಕಿ.ಮೀ. ಒಂದೇ ಕುದುರೆಯ ಮೇಲೆ ದಿನಕ್ಕೆ 60 ಕಿ.ಮೀ. ಎಂದಿಟ್ಟುಕೊಂಡರೆ ಅವನು ಅಲ್ಲಿಗೆ ಮುಟ್ಟುವುದು 18ರ ಸಂಜೆ.

ಇದನ್ನು ಬರೆದದ್ದು ಒಬ್ಬರು, ಬಂದರಿನ ಅಧ್ಯಾಯ ಬರೆಯುವುದು ಇನ್ನೊಬ್ಬರು. ಅವರ ರಾಜಕುಮಾರಿ 17ರಂದೇ ಅಳುತ್ತ, ಅಪ್ಪನಿಗೆ ವಿಷ ಹಾಕಿದವರನ್ನು ಬಿಡುವುದಿಲ್ಲ ಎಂದು ಶಪಥ ಮಾಡುತ್ತಾಳೆ. ದಿನಗಳ ಪಟ್ಟಿ ನೋಡಿದವರು ಅದನ್ನು 19ಕ್ಕೆ ತಳ್ಳಿ ಸರಿಯಾಯಿತು ಎಂದುಕೊಳ್ಳುತ್ತಾರೆ. ಆದರೆ 19ರಂದು ಅವಳಿಗೆ ಗೊತ್ತಿರುವುದು ಜ್ವರದ ಸುದ್ದಿ ಮಾತ್ರ. ವಿಷದ ಮಾತು ಅವಳ ಕಿವಿಗೆ ಬಿದ್ದದ್ದು ಹೇಗೆ?

ಇದಕ್ಕೇ ಗುಟ್ಟಿನ ಖಾತೆ ಬೇಕು. ಒಂದೊಂದು ಗುಟ್ಟಿಗೂ ಒಂದೊಂದು ಪುಟ. ಅದರಲ್ಲಿ ಯಾರಿಗೆ, ಯಾವ ದಿನ, ಯಾರಿಂದ ತಿಳಿಯಿತು ಎಂದು ಬರೆಯಬೇಕು. ಜೊತೆಗೆ ಅವರಿಗೆ ಖಚಿತವಾಗಿ ಗೊತ್ತೇ, ಬರೀ ಅನುಮಾನವೇ, ಇಲ್ಲಾ ಸುಳ್ಳನ್ನೇ ನಂಬಿದ್ದಾರೆಯೇ ಎಂಬುದನ್ನೂ ನಮೂದಿಸಬೇಕು. ಹೆಚ್ಚಿನವರು ಬಿಡುವುದು ಇದನ್ನೇ. ಜ್ವರವೆಂದು ನಂಬಿದ ಮಗಳು ಚಿಕ್ಕಪ್ಪನ ತೋಳಿನಲ್ಲಿ ತಲೆಯಿಟ್ಟು ಅಳಬಹುದು, ಅನುಮಾನವಿದ್ದವಳು ಅವನು ಕೊಟ್ಟ ನೀರನ್ನೂ ಮುಟ್ಟಲಾರಳು. ಅವಳಿಗೆ ನಿಜ ತಿಳಿಯಲೇಬೇಕಿದ್ದರೆ ದಾರಿಯೊಂದನ್ನು ಕಥೆಯಲ್ಲೇ ಮಾಡಬೇಕು. ವೈದ್ಯನ ಶಿಷ್ಯ ತಪ್ಪಿಸಿಕೊಂಡು 20ರಂದು ಬಂದರಿಗೆ ಬಂದು ಹೇಳಿದ ಎಂದರೆ ಖಾತೆಗೆ ಎರಡು ಸಾಲು ಸೇರುತ್ತವೆ, ಶಪಥ 20ರ ಆಚೆಗೆ ಹೋಗುತ್ತದೆ.

'ಯಾರಿಂದ' ಎಂಬ ಕಾಲಂ ಬಿಟ್ಟರೆ ಖಾತೆ ಉಪಯೋಗಕ್ಕೆ ಬರುವುದಿಲ್ಲ. ಕೊಲೆಯನ್ನು ಎರಡು ದಿನ ಮುಂದಕ್ಕೆ ಹಾಕೋಣ ಎಂದು ಯಾರಾದರೂ ಹೇಳಿದ ಕೂಡಲೇ ಅದರಿಂದ ಹೊರಟ ಸುದ್ದಿಗಳ ದಿನಾಂಕವೂ ಬದಲಾಗಬೇಕು. ಬರೀ ದಿನಾಂಕವಿದ್ದರೆ ಯಾವುದನ್ನು ತಿದ್ದಬೇಕು ಎಂದು ಗೊತ್ತಾಗದು.

ಅಧ್ಯಾಯ ಮುಗಿದ ಮೇಲೆ ಪರೀಕ್ಷೆ ಸುಲಭ. ಗುಟ್ಟನ್ನು ಬಳಸಿದ ಪ್ರತಿ ಮಾತಿಗೂ ಗೆರೆ ಹಾಕಿ, ಖಾತೆಯಲ್ಲಿ ಅದಕ್ಕೆ ಹಿಂದಿನ ದಿನಾಂಕದ ಸಾಲು ಇದೆಯೇ ಎಂದು ಹುಡುಕಬೇಕು. ಇಲ್ಲದಿದ್ದರೆ ಮಾತು ತೆಗೆಯಬೇಕು, ಇಲ್ಲವೇ ಸುದ್ದಿ ಬಂದ ದೃಶ್ಯ ಬರೆಯಬೇಕು. ತಿದ್ದುವ ಹಕ್ಕು ಒಬ್ಬರ ಕೈಯಲ್ಲೇ ಇರಲಿ.

ಮಾಂತ್ರಿಕ ಕನ್ನಡಿಗಳ ಬಗ್ಗೆ ಮಾತ್ರ ಹುಷಾರು. ದೂರದವರೊಡನೆ ಕ್ಷಣದಲ್ಲಿ ಮಾತಾಡಿಸುವ ಕನ್ನಡಿಯನ್ನು ಒಬ್ಬ ಲೇಖಕ ಹುಮ್ಮಸ್ಸಿನಲ್ಲಿ ತಂದರೆ, ಉಳಿದವರ ಸವಾರರೆಲ್ಲ ನಾಲ್ಕು ದಿನ ಯಾಕೆ ಕುದುರೆ ಓಡಿಸಿದರು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಸುದ್ದಿ ಎಷ್ಟು ವೇಗವಾಗಿ ಹೋಗಬಹುದು ಎಂಬ ನಿಯಮ ಖಾತೆಯ ಮೊದಲ ಪುಟದಲ್ಲೇ ಇರಬೇಕು.

ನಿಮ್ಮ ಕಥೆ ಆಗಲೇ ಅರ್ಧ ದಾರಿ ಸಾಗಿದ್ದರೆ ಹಳೆಯದನ್ನೆಲ್ಲ ದಾಖಲಿಸುವ ಸಾಹಸಕ್ಕೆ ಇಳಿಯಬೇಡಿ, ಆ ಕೆಲಸ ಮುಗಿಯುವುದಿಲ್ಲ. ಗೊತ್ತಾದರೆ ಯಾರಾದರೂ ಬೇರೆ ತೀರ್ಮಾನ ಮಾಡಿಯಾರು ಎನ್ನುವಂಥ, ಇನ್ನೂ ಬಯಲಾಗದ ಗುಟ್ಟುಗಳನ್ನಷ್ಟೇ ಬರೆದಿಡಿ.