ಆಪರೇಷನ್ ಆದ ಕಣ್ಣು ಮತ್ತೆ ಮಂಜಾದರೆ

ಪೊರೆ ಆಪರೇಷನ್ ಆದ ಕಣ್ಣು ದಿನದಿಂದ ದಿನಕ್ಕೆ ಸುಧಾರಿಸುತ್ತಲೇ ಹೋಗಬೇಕು. ಪಟ್ಟಿ ಬಿಚ್ಚಿದ ದಿನ ನೋಟ ಸ್ವಲ್ಪ ಮಂಜಾಗಿರುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ನೀರು ಸೋರುತ್ತದೆ, ಬಿಳಿಗುಡ್ಡೆ ತುಸು ಕೆಂಪಾಗಿರುತ್ತದೆ. ಇದಕ್ಕೆಲ್ಲ ಹೆದರಬೇಕಾಗಿಲ್ಲ. ಆದರೆ ಎರಡನೇ ದಿನ ಇವು ಮೊದಲ ದಿನಕ್ಕಿಂತ ಕಡಿಮೆಯಾಗಿರಬೇಕು, ಮೂರನೇ ದಿನ ಇನ್ನಷ್ಟು ಕಡಿಮೆ. ಹೀಗೆ ತಿಳಿಯಾಗುತ್ತಿದ್ದ ನೋಟ ಇದ್ದಕ್ಕಿದ್ದಂತೆ ಮತ್ತೆ ಮಂಜಾದರೆ, ಇಳಿಯುತ್ತಿದ್ದ ನೋವು ಮತ್ತೆ ಏರತೊಡಗಿದರೆ, ಬೇರೇನೋ ನಡೆಯುತ್ತಿದೆ ಎಂದೇ ತಿಳಿಯಬೇಕು. ಕಣ್ಣುಗುಡ್ಡೆಯ ಒಳಗೇ ಸೋಂಕು ತಗುಲಿರಬಹುದು. ವೈದ್ಯರು ಇದನ್ನು ಎಂಡಾಫ್ತಲ್ಮೈಟಿಸ್ ಎನ್ನುತ್ತಾರೆ.

ಇದು ಅಪರೂಪದ ತೊಂದರೆ. ಒಳ್ಳೆಯ ಆಸ್ಪತ್ರೆಗಳಲ್ಲಿ ಸಾವಿರ ಪೊರೆ ಆಪರೇಷನ್‌ಗಳಲ್ಲಿ ಒಂದಕ್ಕೂ ಇದು ಬರುವುದಿಲ್ಲ. ಹಾಗಾಗಿ ಹೆದರಿ ಆಪರೇಷನ್ನನ್ನೇ ಮುಂದೂಡುವುದು ತಪ್ಪು. ಆದರೆ ಬಂದ ಕಣ್ಣಿನ ಪಾಲಿಗೆ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಆಪರೇಷನ್ ಆದ ಎರಡನೇ ದಿನದಿಂದ ಏಳನೇ ದಿನದೊಳಗೆ ಕಾಣಿಸಿಕೊಳ್ಳುವುದೇ ಹೆಚ್ಚು. ಅಷ್ಟು ಹೊತ್ತಿಗೆ ರೋಗಿ ಮನೆ ಸೇರಿರುತ್ತಾರೆ, ಮುಂದಿನ ತಪಾಸಣೆಗೆ ಇನ್ನೂ ದಿನಗಳಿರುತ್ತವೆ. ಮೊದಲ ಸುಳಿವನ್ನು ಹಿಡಿಯಬೇಕಾದವರು ಡಾಕ್ಟರಲ್ಲ, ಮನೆಯವರು.

ಕೈಗೆ ಆದ ಗಾಯಕ್ಕೆ ರೋಗಾಣು ಹೊಕ್ಕರೆ ರಕ್ತದ ಮೂಲಕ ಬಿಳಿ ರಕ್ತಕಣಗಳು ನುಗ್ಗಿ ಬಂದು ಹೋರಾಡುತ್ತವೆ. ಕಣ್ಣಿನೊಳಗೆ ಹಾಗಲ್ಲ. ಲೆನ್ಸಿನ ಹಿಂದಿನ ಜಾಗವನ್ನೆಲ್ಲ ವಿಟ್ರಿಯಸ್ ಎಂಬ ಪಾರದರ್ಶಕ ಲೋಳೆ ತುಂಬಿಕೊಂಡಿರುತ್ತದೆ. ಸುಮಾರು 4 ಮಿಲಿಲೀಟರ್, ಬಹುಪಾಲು ನೀರೇ. ಬೆಳಕು ಅಡ್ಡಿಯಿಲ್ಲದೆ ಹಾದುಹೋಗಬೇಕಾದ್ದರಿಂದ ಅದರಲ್ಲಿ ಒಂದು ರಕ್ತನಾಳವೂ ಇಲ್ಲ. ಹೊಕ್ಕ ರೋಗಾಣುವನ್ನು ತಡೆಯುವವರೂ ಆರಂಭದಲ್ಲಿ ಇರುವುದಿಲ್ಲ, ಹಾಗಾಗಿ ಅದು ಬೇಗ ಬೇಗ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ತಡವಾಗಿ ಬರುವ ರಕ್ಷಣಾ ಕಣಗಳು ಕೀವು ಕಟ್ಟಿಸುತ್ತವೆ. ರೋಗಾಣುಗಳ ವಿಷ, ಅವುಗಳೊಡನೆ ಹೋರಾಡುವ ಕಣಗಳು ಉಗುಳುವ ರಾಸಾಯನಿಕ ಎರಡೂ ಅಲ್ಲೇ ಹಿಂದಿರುವ ರೆಟಿನಾವನ್ನು ಸುಡುತ್ತವೆ. ಸತ್ತ ರೆಟಿನಾ ಮತ್ತೆ ಬೆಳೆಯುವುದಿಲ್ಲ.

ಈ ರೋಗಾಣುಗಳು ಬಹುಪಾಲು ರೋಗಿಯ ಕಣ್ಣರೆಪ್ಪೆಯ ಅಂಚಿನಿಂದಲೇ ಬರುತ್ತವೆ. ಅಲ್ಲಿ ಚರ್ಮದ ಮೇಲೆ ಸದಾ ನೆಲೆಸಿರುವ ಸ್ಟೆಫೈಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾ ಹೊರಗಿದ್ದಷ್ಟು ದಿನ ಉಪದ್ರವ ಕೊಡುವುದಿಲ್ಲ. ಆಪರೇಷನ್ ಟೇಬಲ್ ಮೇಲೆ ಮಲಗಿಸಿ ಕಣ್ಣಿಗೆ ಶೇ. 5ರ ಪೊವಿಡೋನ್ ಅಯೋಡಿನ್ ಎಂಬ ಕಂದು ಬಣ್ಣದ ಹನಿ ಬಿಟ್ಟು ಕೆಲವು ನಿಮಿಷ ಕಾಯುವುದು ಇವನ್ನು ಕೊಲ್ಲಲೆಂದೇ. ಕಣ್ಣೀರಿನ ಚೀಲದಲ್ಲಿ ಕೀವಿದೆಯೇ, ರೆಪ್ಪೆಯಲ್ಲಿ ಕುರುವಿದೆಯೇ ಎಂದು ಮುಂಚೆಯೇ ನೋಡುವುದೂ ಇದೇ ಕಾರಣಕ್ಕೆ. ಇದ್ದರೆ ಅದು ವಾಸಿಯಾಗುವವರೆಗೆ ಆಪರೇಷನ್ ಮಾಡುವುದಿಲ್ಲ. ಡಾಕ್ಟರು ದಿನ ಮುಂದೂಡಿದರೆ ಬೇಸರಪಟ್ಟುಕೊಂಡು ಬೇರೆ ಕ್ಯಾಂಪ್ ಹುಡುಕಬಾರದು.

ಸೋಂಕು ಹೇಗೆ ಮುಂದುವರಿಯುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಇಲ್ಲಿನ ರೋಗಿ ಕಲ್ಪಿತರು, ಆದರೆ ಕಣ್ಣಾಸ್ಪತ್ರೆಯವರಿಗೆ ಈ ಕಥೆ ಚೆನ್ನಾಗಿ ಪರಿಚಿತ. ಅರವತ್ತಾರು ವರ್ಷದ ಸಕ್ಕರೆ ಕಾಯಿಲೆಯ ಅಜ್ಜಿಗೆ ಸೋಮವಾರ ಬಲಗಣ್ಣಿನ ಪೊರೆ ತೆಗೆದು ಲೆನ್ಸ್ ಹಾಕಿದರು. ಮಂಗಳವಾರ ಪಟ್ಟಿ ಬಿಚ್ಚಿದಾಗ ಬೆರಳು ಎಣಿಸಿದರು. ಬುಧವಾರ ಗೋಡೆಯ ಕ್ಯಾಲೆಂಡರಿನ ದಪ್ಪ ಅಂಕಿಗಳನ್ನು ತಾವೇ ಓದಿ ಖುಷಿಪಟ್ಟರು. ಗುರುವಾರ ಬೆಳಿಗ್ಗೆ ಎದ್ದಾಗ ಹುಬ್ಬಿನ ಸುತ್ತ ಒಂದು ಬಗೆಯ ಆಳವಾದ ನೋವು, ಅದೇ ಅಂಕಿಗಳು ಕಲಸಿಹೋದಂತೆ. "ಆಪರೇಷನ್ ಆದ ಕಣ್ಣಲ್ವಾ ಅಮ್ಮ, ನೋವು ಇದ್ದೇ ಇರುತ್ತೆ" ಎಂದು ಮಗ ನೋವಿನ ಮಾತ್ರೆ ಕೊಟ್ಟ. ನೋವು ತುಸು ಇಳಿಯಿತು, ಮಂಜು ಇಳಿಯಲಿಲ್ಲ. ಶುಕ್ರವಾರ ರೆಪ್ಪೆ ಊದಿತ್ತು, ಕಣ್ಣು ಕೆಂಡವಾಗಿತ್ತು, ಎದುರಿಗೆ ಕೈ ಆಡಿಸಿದರೆ ನೆರಳಷ್ಟೇ ಕಾಣುತ್ತಿತ್ತು. ಆಸ್ಪತ್ರೆ ತಲುಪಿದಾಗ ಸಂಜೆ.

ಇಲ್ಲಿ ಕೈತಪ್ಪಿದ್ದು ಗುರುವಾರ. ಆ ದಿನದ ನಿಜವಾದ ಸುಳಿವು ಅಳಿಸಿಹೋದ ಅಂಕಿಗಳು. ನೋವು ಅವುಗಳ ಮುಂದೆ ಎರಡನೆಯದು. ಅಮೆರಿಕದಲ್ಲಿ 420 ರೋಗಿಗಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನ ಇಂದಿಗೂ ಈ ಚಿಕಿತ್ಸೆಗೆ ಆಧಾರ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ನೋಟ ಮಂಜಾಗಿತ್ತು, ಆದರೆ ಸುಮಾರು ಕಾಲು ಭಾಗದಷ್ಟು ಜನಕ್ಕೆ ನೋವೇ ಇರಲಿಲ್ಲ. ನೋವಿಲ್ಲ ಎಂಬ ಸಮಾಧಾನದಲ್ಲಿ ಎರಡು ದಿನ ಕಾಯುವುದು ಅದಕ್ಕೇ ಅಪಾಯ. ಆಪರೇಷನ್ ಬಳಿಕ ಕೊಡುವ ಸ್ಟಿರಾಯ್ಡ್ ಹನಿಗಳೂ ಕೆಂಪು, ನೋವುಗಳನ್ನು ಸ್ವಲ್ಪ ಕಾಲ ಅಡಗಿಸಿಡಬಲ್ಲವು.

ಶುಕ್ರವಾರ ಸಂಜೆ ಆಸ್ಪತ್ರೆಯಲ್ಲಿ ಏನಾಗುತ್ತದೆ? ಮೊದಲು ಎಷ್ಟು ಕಾಣುತ್ತದೆ ಎಂದು ಅಳೆಯುತ್ತಾರೆ. ಅಕ್ಷರ ಕಾಣದಿದ್ದರೆ ಬೆರಳು, ಬೆರಳು ಕಾಣದಿದ್ದರೆ ಕೈಯಾಟ, ಅದೂ ಇಲ್ಲದಿದ್ದರೆ ಟಾರ್ಚಿನ ಬೆಳಕು. ಚಿಕಿತ್ಸೆಯ ಹಾದಿ ನಿರ್ಧಾರವಾಗುವುದೇ ಈ ಅಳತೆಯ ಮೇಲೆ. ಆಮೇಲೆ ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದ ಮುಂದೆ ಗಲ್ಲ ಇರಿಸಿ ನೋಡುತ್ತಾರೆ. ಕರಿಗುಡ್ಡೆಯ ಹಿಂದಿನ ತಿಳಿನೀರಿನಲ್ಲಿ, ತಳಭಾಗದಲ್ಲಿ, ಬಿಳಿ ಕೀವು ಒಂದು ಮಟ್ಟದ ಗೆರೆಯಾಗಿ ನಿಂತಿರುತ್ತದೆ. ಇದರ ಹೆಸರು ಹೈಪೋಪಿಯಾನ್. ಕೆಲವೊಮ್ಮೆ ಮನೆಯಲ್ಲಿ ಟಾರ್ಚ್ ಬಿಟ್ಟರೂ ಈ ಬಿಳಿ ಗೆರೆ ಕಾಣುತ್ತದೆ. ಒಳಗೆ ಮಬ್ಬು ಕವಿದು ರೆಟಿನಾ ಕಾಣದಿದ್ದರೆ ಸ್ಕ್ಯಾನಿಂಗ್ ಮಾಡುತ್ತಾರೆ.

ರೋಗಾಣು ಯಾವುದೆಂದು ಲ್ಯಾಬ್ ಹೇಳಲು ಒಂದೆರಡು ದಿನವಾದರೂ ಬೇಕು. ಅಷ್ಟು ಕಾಯುವ ಹಾಗಿಲ್ಲ. ಅಜ್ಜಿಗೆ ಕಣ್ಣು ಮರಗಟ್ಟಿಸಿ, ಅಯೋಡಿನ್ ಬಿಟ್ಟು, ಕರಿಗುಡ್ಡೆಯ ಅಂಚಿನಿಂದ ಸುಮಾರು 3.5 ಮಿಲಿಮೀಟರ್ ಹಿಂದೆ ಬಿಳಿಗುಡ್ಡೆಯ ಮೂಲಕ ಸೂಜಿ ಇಳಿಸುತ್ತಾರೆ. ಅಲ್ಲಿ ಲೆನ್ಸಿಗೂ ರೆಟಿನಾಗೂ ತಾಗದೆ ಒಳಹೋಗಲು ಜಾಗವಿದೆ. ವಿಟ್ರಿಯಸ್ಸಿನ ಒಂದೆರಡು ಹನಿಯಷ್ಟನ್ನು ಹೀರಿ ಲ್ಯಾಬಿಗೆ ಕಳುಹಿಸಿ, ಅದೇ ಹೊತ್ತಿಗೆ ಎರಡು ಔಷಧ ಒಳಬಿಡುತ್ತಾರೆ. ವ್ಯಾಂಕೊಮೈಸಿನ್ 1 ಮಿಲಿಗ್ರಾಂ, ಸೆಫ್ಟಾಜಿಡಿಮ್ 2.25 ಮಿಲಿಗ್ರಾಂ, ಪ್ರತಿಯೊಂದೂ 0.1 ಮಿಲಿಲೀಟರಿನಲ್ಲಿ. ಒಂದು ಸ್ಟೆಫೈಲೊಕಾಕಸ್ ಗುಂಪನ್ನು ನೋಡಿಕೊಳ್ಳುತ್ತದೆ, ಇನ್ನೊಂದು ಸೂಡೊಮೊನಾಸ್‌ನಂಥವುಗಳನ್ನು. ಒಂದೇ ಸಿರಿಂಜಿನಲ್ಲಿ ಬೆರೆಸಿದರೆ ಗರಣೆ ಕಟ್ಟುವುದರಿಂದ ಬೇರೆ ಬೇರೆ ಸಿರಿಂಜ್. ಪ್ರಮಾಣ ಇಷ್ಟು ಚಿಕ್ಕದು, ಏಕೆಂದರೆ ಔಷಧ ಹೆಚ್ಚಾದರೆ ರೆಟಿನಾಗೆ ಅದೇ ವಿಷ. ಕಣ್ಣಿಗೆ ಸೂಜಿ ಎಂದಾಗ ಮನೆಯವರು ಬೆಚ್ಚಿ, "ಮಾತ್ರೆಯಲ್ಲೇ ಗುಣ ಮಾಡಿ ಡಾಕ್ಟ್ರೇ" ಎನ್ನುವುದುಂಟು. ರಕ್ತಕ್ಕೂ ವಿಟ್ರಿಯಸ್ಸಿಗೂ ನಡುವೆ ಇರುವ ತಡೆಯನ್ನು ದಾಟಿ ಮಾತ್ರೆಯ ಔಷಧ ಸಾಕಷ್ಟು ಸೇರುವುದಿಲ್ಲ, ಮೇಲಿನಿಂದ ಬಿಟ್ಟ ಹನಿ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಆ ಅಮೆರಿಕದ ಅಧ್ಯಯನದಲ್ಲಿ ರಕ್ತನಾಳದ ಮೂಲಕ ಕೊಟ್ಟ ಆಂಟಿಬಯೋಟಿಕ್‌ನಿಂದ ಹೆಚ್ಚುವರಿ ಲಾಭವೇನೂ ಸಿಗಲಿಲ್ಲ.

ಅದೇ ಅಧ್ಯಯನ ಇನ್ನೊಂದು ಮುಖ್ಯ ಸಂಗತಿ ಹೇಳಿತು. ಕೈಯಾಡಿಸುವುದು ಕಾಣುವಷ್ಟಾದರೂ ನೋಟ ಉಳಿದಿದ್ದರೆ ಇಂಜೆಕ್ಷನ್ನಿನಿಂದ ಶುರುಮಾಡಿದರೂ, ಕೀವು ತುಂಬಿದ ವಿಟ್ರಿಯಸ್ಸನ್ನು ಕತ್ತರಿಸಿ ತೆಗೆಯುವ ವಿಟ್ರೆಕ್ಟಮಿಯಿಂದ ಶುರುಮಾಡಿದರೂ ಫಲ ಸಮವೇ. ಬೆಳಕು ಮಾತ್ರ ಗೊತ್ತಾಗುವ ಸ್ಥಿತಿಗೆ ಇಳಿದಿದ್ದರೆ, ವಿಟ್ರೆಕ್ಟಮಿಯನ್ನು ತಕ್ಷಣ ಮಾಡಿಸಿಕೊಂಡವರಲ್ಲಿ ಒಳ್ಳೆಯ ನೋಟ ಮರಳಿದವರು ಇಂಜೆಕ್ಷನ್ನಿನಿಂದ ಶುರುಮಾಡಿದವರಿಗಿಂತ ಮೂರು ಪಟ್ಟು. ವಿಟ್ರೆಕ್ಟಮಿ ಮಾಡುವ ರೆಟಿನಾ ತಜ್ಞರು ಎಲ್ಲ ತಾಲ್ಲೂಕಿನಲ್ಲೂ ಸಿಗುವುದಿಲ್ಲ. ಸಂಜೆ ಆರಕ್ಕೆ ಜಿಲ್ಲಾ ಕೇಂದ್ರದಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಹೊರಡಬೇಕಾದವರ ಸಂಕಟ ದೊಡ್ಡದು. ಹತ್ತಿರದ ಕಣ್ಣಿನ ಡಾಕ್ಟರು ಮೊದಲ ಇಂಜೆಕ್ಷನ್ ಕೊಟ್ಟು ಕಳುಹಿಸಿದರೆ ದಾರಿಯ ಆ ಗಂಟೆಗಳು ವ್ಯರ್ಥವಾಗುವುದಿಲ್ಲ.

ಮರುದಿನದಿಂದ ಪ್ರತಿದಿನ ನೋಡುತ್ತಾರೆ. ನೋವು ಇಳಿಯುವುದು ಮೊದಲ ಒಳ್ಳೆಯ ಲಕ್ಷಣ, ಕೀವಿನ ಗೆರೆ ತಗ್ಗುವುದು ಎರಡನೆಯದು. ಒಂದೆರಡು ದಿನದಲ್ಲಿ ಸುಧಾರಣೆ ಇಲ್ಲದಿದ್ದರೆ ಮತ್ತೆ ಇಂಜೆಕ್ಷನ್, ಇಲ್ಲವೇ ವಿಟ್ರೆಕ್ಟಮಿ. ಮಬ್ಬು ತಿಳಿಯಾಗಲು ವಾರಗಳೇ ಹಿಡಿಯಬಹುದು. ಅಧ್ಯಯನದ ರೋಗಿಗಳಲ್ಲಿ ಅರ್ಧಕ್ಕೂ ತುಸು ಹೆಚ್ಚು ಮಂದಿಗೆ ಕೊನೆಗೆ ಚೆನ್ನಾಗಿಯೇ ಕಂಡಿತು. ಆದರೆ ಅಲ್ಲಿ ಹೆಚ್ಚಿನವರಿಗಿದ್ದದ್ದು ಚರ್ಮದ ಮೇಲಿನ ಸೌಮ್ಯ ರೋಗಾಣು. ಸ್ಟ್ರೆಪ್ಟೊಕಾಕಸ್, ಸೂಡೊಮೊನಾಸ್ ಸೇರಿದರೆ ಇಷ್ಟು ಉದಾರ ಫಲ ಸಿಗುವುದಿಲ್ಲ.

ಸೂಡೊಮೊನಾಸ್ ನೀರಿನಲ್ಲಿ, ತೇವದಲ್ಲಿ, ಔಷಧದ ಬಾಟಲಿಯಲ್ಲಿ ಬದುಕುವ ಜೀವಿ. ಒಂದೇ ದಿನ ಆಪರೇಷನ್ ಆದ ಹಲವರಿಗೆ ಒಟ್ಟಿಗೆ ಸೋಂಕಾದರೆ ಮೊದಲ ಸಂಶಯ ಇದರ ಮೇಲೆ, ಮತ್ತು ಎಲ್ಲರಿಗೂ ಬಳಸಿದ ದ್ರವದ ಮೇಲೆ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಹೀಗೇ ಆಯಿತು. ಹಲವರಿಗೆ ಸೋಂಕು ತಗುಲಿ ಕೆಲವರು ಆ ಕಣ್ಣಿನ ನೋಟ ಕಳೆದುಕೊಂಡರು. ಆಪರೇಷನ್ ವೇಳೆ ಕಣ್ಣಿನೊಳಗೆ ತುಂಬುವ ಜೆಲ್‌ನ ಮೇಲೆ ಸಂಶಯ ಬಿತ್ತು. ರೋಗಿ ಎಷ್ಟು ಎಚ್ಚರವಾಗಿದ್ದರೂ ಇಂಥದ್ದನ್ನು ತಡೆಯಲಾರ. ಬ್ಯಾಚ್ ಸಂಖ್ಯೆ ಬರೆದಿಡುವುದು, ಪರೀಕ್ಷಿಸಿದ ದ್ರವವನ್ನೇ ಬಳಸುವುದು ಪೂರ್ತಿ ಆಸ್ಪತ್ರೆ ಮತ್ತು ಸರಬರಾಜುದಾರರ ಹೊಣೆ. ಒಂಟಿ ಪ್ರಕರಣಗಳ ಮಟ್ಟಿಗೆ ಒಳ್ಳೆಯ ಸುದ್ದಿಯೂ ಇದೆ. ತಮಿಳುನಾಡಿನ ಅರವಿಂದ್ ಕಣ್ಣಾಸ್ಪತ್ರೆಗಳು ಆಪರೇಷನ್ ಮುಗಿಸುವಾಗ ಕಣ್ಣಿನೊಳಗೇ ಮಾಕ್ಸಿಫ್ಲಾಕ್ಸಸಿನ್ ಬಿಡುವ ರೂಢಿ ತಂದು, ಆರು ಲಕ್ಷಕ್ಕೂ ಹೆಚ್ಚು ಕಣ್ಣುಗಳ ಲೆಕ್ಕ ನೋಡಿದಾಗ ಸೋಂಕು ಶೇ. 0.07ರಿಂದ 0.02ಕ್ಕೆ ಇಳಿದಿತ್ತು.

ಮನೆಯಲ್ಲಿ ಮಾಡಬೇಕಾದದ್ದು ಒಂದೇ ಪರೀಕ್ಷೆ. ಮೊದಲ ಎರಡು ವಾರ ಪ್ರತಿ ಬೆಳಿಗ್ಗೆ ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಅದೇ ಜಾಗದಲ್ಲಿ ನಿಂತು, ಅದೇ ಕ್ಯಾಲೆಂಡರ್ ನೋಡುವುದು. ಇನ್ನೊಂದು ಕಣ್ಣು ತೆರೆದಿದ್ದರೆ ಮಂಜು ಗೊತ್ತೇ ಆಗುವುದಿಲ್ಲ. ನೋಟ ಕುಗ್ಗಿದರೆ ಮೆಡಿಕಲ್ ಶಾಪಿನಿಂದ ಹನಿ ತಂದು ಬಿಡಬೇಡಿ, ಜೇನು, ಎದೆಹಾಲು, ಸೊಪ್ಪಿನ ರಸ ಹಾಕಬೇಡಿ, ಕೆಂಗಣ್ಣು ಬಂದಿದೆ ಎಂದು ನೀವೇ ತೀರ್ಮಾನಿಸಬೇಡಿ. ಬಿಡುಗಡೆ ಚೀಟಿ ಹಿಡಿದು ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ, ಅದು ದೂರವಿದ್ದರೆ ಹತ್ತಿರದ ಯಾವುದೇ ಕಣ್ಣಿನ ಡಾಕ್ಟರ ಬಳಿಗೆ. ಫೋನಿನಲ್ಲಿ ಸಿಬ್ಬಂದಿ "ನಾಳೆ ಬನ್ನಿ" ಎಂದರೆ ಸುಮ್ಮನಾಗಬೇಡಿ. "ಆಪರೇಷನ್ ಆಗಿ ಮೂರು ದಿನ ಆಯ್ತು, ನಿನ್ನೆ ಕಾಣುತ್ತಿದ್ದದ್ದು ಇವತ್ತು ಕಾಣ್ತಿಲ್ಲ" ಎಂದು ಸ್ಪಷ್ಟವಾಗಿ ಹೇಳಿ, ಇವತ್ತೇ ನೋಡಬೇಕೆಂದು ಪಟ್ಟು ಹಿಡಿಯಿರಿ. ಭಾನುವಾರವಾದರೂ, ರಾತ್ರಿಯಾದರೂ.